ಮೊದಲ ಕೆಲಸಕ್ಕೆ ರಾಜೀನಾಮೆ: ಎರಡು ವಾಕ್ಯ ಸಾಕು

ರೋಬಸ್ಟಾ ಕೊಯ್ಲಿನ ಕಾಲದಲ್ಲಿ, ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುತ್ತಿರುವಾಗ, ಕೊಡಗಿನ ಯಾವ ಕಾಫಿ ತೋಟದ ಆಫೀಸನ್ನಾದರೂ ಇಳಿಹೊತ್ತಿನಲ್ಲಿ ಹೊಕ್ಕು ನೋಡಿದರೆ, ಹೊರಗೆ ದಿನದ ಹಣ್ಣನ್ನು ತೂಗಿ ಚೀಲಗಳನ್ನು ಕಣಕ್ಕೆ ಸಾಗಿಸುವ ಗದ್ದಲವೂ, ಒಳಗೆ ಚೆಕ್ ರೋಲಿನ ಮೇಲೆ ಬಾಗಿ ಆಳುಗಳ ಹಾಜರಿಯನ್ನು ತುಂಬುವ ರೈಟರನ ಆತುರವೂ ಕಣ್ಣಿಗೆ ಬೀಳುತ್ತವೆ. ಆ ರೈಟರು ಕಾಲೇಜು ಮುಗಿಸಿ ಒಂದೆರಡು ವರ್ಷಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ತರುಣನಾಗಿದ್ದು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬೇರೊಂದು ಉದ್ಯೋಗ ಅವನಿಗೆ ದೊರೆತಿದೆಯೆಂದಾದರೆ, ಅವನ ಮೇಜಿನ ಕೆಳಗಿನ ಬುಟ್ಟಿಯಲ್ಲಿ ಹರಿದೆಸೆದ ಕಾಗದಗಳು ತುಂಬಿರುವುದೂ ಅಸಂಭವವಲ್ಲ. ಒಂದರಲ್ಲಿ ಕ್ಷಮಾಯಾಚನೆ, ಇನ್ನೊಂದರಲ್ಲಿ ಸಂಬಳ ಹೆಚ್ಚಿಸಲಿಲ್ಲವೆಂಬ ದೂರು, ಮತ್ತೊಂದರಲ್ಲಿ ತಾಯಿಯ ಅನಾರೋಗ್ಯದ ನೆಪ. ಮೂರೂ ಒಂದೊಂದು ಪುಟ ತುಂಬಿರುತ್ತವೆ. ಮೂರರಲ್ಲಿಯೂ ಅವನು ಯಾವ ದಿನ ಕೆಲಸ ಬಿಡುತ್ತಾನೆಂಬುದು ಮಾತ್ರ ಇರುವುದಿಲ್ಲ.

ಈ ಪತ್ರ ದೀರ್ಘವಾಗಿಬಿಡುವುದಕ್ಕೆ ನಮ್ಮ ಜಿಲ್ಲೆಯ ಜೀವನಕ್ರಮವೂ ಒಂದು ಕಾರಣ. ಮಹಾನಗರದಲ್ಲಿ ಕೆಲಸ ಬಿಟ್ಟವನು ತನ್ನ ಹಳೆಯ ಮೇಲಧಿಕಾರಿಯ ಮುಖವನ್ನು ಮತ್ತೆ ನೋಡದೆಯೇ ಬಾಳಬಹುದು. ಕೊಡಗಿನಲ್ಲಾದರೋ ತೋಟದ ಮಾಲೀಕರು ತಂದೆಯ ಸಹಪಾಠಿಗಳಾಗಿರುತ್ತಾರೆ; ರೆಸಾರ್ಟಿನ ಮ್ಯಾನೇಜರು ಅತ್ತಿಗೆಯ ತವರಿನ ಕಡೆಯವರಾಗಿರುತ್ತಾರೆ; ಶುಕ್ರವಾರ ಮಡಿಕೇರಿಯ ಸಂತೆಯಲ್ಲಿ ಅಲ್ಲದಿದ್ದರೆ ಮುಂದಿನ ಮದುವೆಮನೆಯಲ್ಲಿ ಎದುರಾಗಿಯೇ ಆಗುತ್ತಾರೆ. ಆದುದರಿಂದ ಹುಡುಗನು ಪತ್ರವನ್ನು ಬರೆಯಲು ಕೂತಾಗ ಮ್ಯಾನೇಜರಿಗೆ ಬರೆಯುವುದಿಲ್ಲ, ಊರಿಗೆಲ್ಲ ಸಮಜಾಯಿಷಿ ಬರೆಯುತ್ತಾನೆ. ಆ ಸಮಜಾಯಿಷಿಗೆ ಯೋಗ್ಯವಾದ ಸ್ಥಳ ಬಾಯಿಮಾತೇ ಹೊರತು ಪತ್ರವಲ್ಲ.

ಪತ್ರದ ನಿಜವಾದ ಕೆಲಸ

ರಾಜೀನಾಮೆಯ ಪತ್ರವೆಂಬುದು ಮನಸ್ಸನ್ನು ತೋಡಿಕೊಳ್ಳುವ ಬರಹವಲ್ಲ; ಅದು ಕ್ರಯಪತ್ರ, ರಸೀದಿಗಳ ಜಾತಿಗೆ ಸೇರಿದ ದಾಖಲೆ. ಅದು ಕೈಸೇರಿದ ಕ್ಷಣದಿಂದ ಒಂದು ಗಡುವು ಆರಂಭವಾಗುತ್ತದೆ, ಮತ್ತೊಂದು ದಿನ ಉದ್ಯೋಗಸಂಬಂಧ ಮುಗಿಯುತ್ತದೆ. ಇಷ್ಟನ್ನು ನೆರವೇರಿಸಲು ಬೇಕಾದವು ನಾಲ್ಕೇ ಸಂಗತಿಗಳು: ಯಾರಿಗೆ, ಯಾವ ಹುದ್ದೆಗೆ, ಕೊನೆಯ ದಿನ ಯಾವುದು, ಮತ್ತು ದಿನಾಂಕಸಹಿತವಾದ ಸಹಿ.

ಜಗತ್ತಿನ ಅತ್ಯುನ್ನತ ಹುದ್ದೆಗಳೆಂದು ಎಣಿಸಲ್ಪಟ್ಟವುಗಳಲ್ಲಿ ಒಂದನ್ನು ಬಿಡಲು ಇದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲವೆಂಬುದು ಗಮನಾರ್ಹ. 1974ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ನರು ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರರಿಗೆ ಕೊಟ್ಟ ಪತ್ರದಲ್ಲಿ ಇದ್ದುದು ಒಂದೇ ವಾಕ್ಯ: ಅಧ್ಯಕ್ಷಪದವಿಗೆ ರಾಜೀನಾಮೆ ಕೊಟ್ಟಿದ್ದೇನೆ ಎಂಬುದಷ್ಟೇ ಅದರ ಅರ್ಥ. ವಾಟರ್‌ಗೇಟಿನ ಮಾತಿಲ್ಲ, ವಿರೋಧಿಗಳ ಮೇಲೆ ಕೋಪವಿಲ್ಲ, ಪಶ್ಚಾತ್ತಾಪವಿಲ್ಲ. ಹೇಳಬೇಕಾದುದನ್ನೆಲ್ಲ ಅವರು ಹಿಂದಿನ ರಾತ್ರಿಯ ದೂರದರ್ಶನ ಭಾಷಣದಲ್ಲಿ ಹೇಳಿ ಮುಗಿಸಿದ್ದರು. ಕಿಸಿಂಜರರು ಅದರ ಮೇಲೆ 11 ಗಂಟೆ 35 ನಿಮಿಷವೆಂದು ವೇಳೆಯನ್ನು ಗುರುತಿಸಿ ತಮ್ಮ ಹೆಸರಿನ ಆದ್ಯಕ್ಷರಗಳನ್ನು ಹಾಕಿದರು. ನಮ್ಮ ತೋಟದ ರೈಟರನೂ ಇದೇ ಎರಡನ್ನು ಅನುಸರಿಸಿದರೆ ಸಾಕು: ಒಂದು ಚಿಕ್ಕ ಪತ್ರ, ಮತ್ತು ಅದನ್ನು ಸ್ವೀಕರಿಸಿದವರ ಸಹಿ.

ನಮ್ಮ ಸಂಸತ್ತು ಇದೇ ವಿವೇಕವನ್ನು ನಿಯಮವಾಗಿಯೇ ಬರೆದಿಟ್ಟಿದೆ. ಲೋಕಸಭೆಯ ಕಾರ್ಯವಿಧಾನದ 240ನೆಯ ನಿಯಮದಲ್ಲಿ ಸದಸ್ಯನ ರಾಜೀನಾಮೆಗೆ ಒಂದು ವಾಕ್ಯದ ನಮೂನೆಯಿದೆ. ಯಾವನಾದರೂ ಅದರಲ್ಲಿ ಕಾರಣವನ್ನೋ ಅನ್ಯವಿಷಯವನ್ನೋ ಸೇರಿಸಿದರೆ ಸಭಾಧ್ಯಕ್ಷರು ಆ ಮಾತುಗಳನ್ನು ಕೈಬಿಟ್ಟು, ಸಭೆಯಲ್ಲಿ ಓದದಿರಬಹುದು. 2019ರ ಜುಲೈ ತಿಂಗಳಲ್ಲಿ ಕರ್ನಾಟಕದ ಹದಿಮೂರು ಶಾಸಕರ ಪತ್ರಗಳಲ್ಲಿ ಎಂಟು ಕ್ರಮಬದ್ಧವಾಗಿಲ್ಲವೆಂದು ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಹೇಳಿದಾಗ, ರಾಜೀನಾಮೆಗೂ ಒಂದು ನಮೂನೆಯಿದೆಯೆಂಬುದನ್ನು ಬಹುಮಂದಿ ಓದುಗರು ಮೊದಲ ಬಾರಿಗೆ ಕೇಳಿದ್ದಿರಬಹುದು. ಆ ಪ್ರಕರಣದ ರಾಜಕೀಯ ಬೇರೆ. ಪತ್ರದ ಕ್ರಮ ತಪ್ಪಿದರೆ ಪತ್ರವನ್ನೇ ತಡೆಹಿಡಿಯಲು ಎದುರಿಗಿರುವವರಿಗೆ ಅವಕಾಶ ದೊರೆಯುತ್ತದೆಂಬುದಷ್ಟೇ ನಮಗೆ ಪ್ರಸ್ತುತ.

ಮಡಿಕೇರಿಯ ಒಬ್ಬರ ಪತ್ರ

ಕಾರಣವನ್ನೂ ರಾಜೀನಾಮೆಯನ್ನೂ ಒಂದೇ ಹಾಳೆಯಲ್ಲಿ ಬರೆದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತವನ್ನು ಕೊಡಗಿನವರು ದೂರ ಹೋಗಿ ಹುಡುಕಬೇಕಾಗಿಲ್ಲ. ಮಡಿಕೇರಿಯಲ್ಲಿ ಹುಟ್ಟಿ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕೆ.ಎಸ್. ತಿಮ್ಮಯ್ಯನವರು 1959ರ ಆಗಸ್ಟ್ 31ರಂದು ಪ್ರಧಾನಿ ನೆಹರೂ ಅವರಿಗೆ ರಾಜೀನಾಮೆಯನ್ನು ಕಳುಹಿಸಿದರು. ರಕ್ಷಣಾಮಂತ್ರಿ ವಿ.ಕೆ. ಕೃಷ್ಣ ಮೆನನ್ನರ ಅಧೀನದಲ್ಲಿ ತಮ್ಮ ಹೊಣೆಯನ್ನು ನಿರ್ವಹಿಸುವುದು ಅಸಾಧ್ಯವಾಗಿದೆಯೆಂಬುದು ಅವರು ಕೊಟ್ಟ ಕಾರಣವಾಗಿತ್ತು. ನೆಹರೂ ತಿಮ್ಮಯ್ಯನವರನ್ನು ಕರೆಸಿ ಮಾತನಾಡಿ ಒಲಿಸಿದರು. ಜನರಲ್ಲರು ಪತ್ರವನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೆ ತಲುಪಿತ್ತು. ಸೆಪ್ಟೆಂಬರ್ 2ರಂದು ಪ್ರಧಾನಿಗಳು ಸಂಸತ್ತಿನಲ್ಲಿ ಮಾತನಾಡಿ, ಭಿನ್ನಾಭಿಪ್ರಾಯಗಳು ಬಹುಮಟ್ಟಿಗೆ ಸ್ವಭಾವಭೇದದಿಂದ ಹುಟ್ಟಿದವೆಂಬಂತೆ ಅದನ್ನು ಹಗುರಗೊಳಿಸಿದರು. ತಿಮ್ಮಯ್ಯನವರು 1961ರವರೆಗೂ ಅದೇ ಮಂತ್ರಿಯ ಕೆಳಗೆ ಸೇವೆಯಲ್ಲಿ ಮುಂದುವರಿದರು.

ಆ ಮಹಾನುಭಾವರ ಧೈರ್ಯವನ್ನಾಗಲಿ ಅವರ ದೂರಿನ ನ್ಯಾಯವನ್ನಾಗಲಿ ಇಲ್ಲಿ ವಿಮರ್ಶಿಸುತ್ತಿಲ್ಲ. ಆದರೆ ಪತ್ರದ ರಚನೆಯ ದೃಷ್ಟಿಯಿಂದ ನೋಡಿದರೆ, ಕಾರಣವನ್ನು ಬರೆದ ರಾಜೀನಾಮೆ ಒಂದು ಪ್ರಶ್ನೆಯಾಗಿ ಪರಿಣಮಿಸುತ್ತದೆ, ಪ್ರಶ್ನೆಯಾದದ್ದಕ್ಕೆ ಎದುರಿನವರು ಉತ್ತರ ಕೊಡಬಲ್ಲರು ಎಂದು ನನಗೆ ತೋರುತ್ತದೆ. “ಸಂಬಳ ಸಾಲದು” ಎಂದು ಬರೆದವನಿಗೆ ಮ್ಯಾನೇಜರು ಎರಡು ಸಾವಿರ ಹೆಚ್ಚಿಸುತ್ತೇನೆಂದು ಹೇಳಬಹುದು. “ಮನೆ ದೂರ” ಎಂದವನಿಗೆ ಲೈನ್ ಮನೆಯ ಪಕ್ಕದ ಕ್ವಾರ್ಟರ್ಸ್ ತೋರಿಸಬಹುದು. ಅದಕ್ಕೂ ಒಪ್ಪದವನು ಸುಳ್ಳುಗಾರನಾಗಿ ಕಾಣುತ್ತಾನೆ. ಕಾರಣವೇ ಇಲ್ಲದ ಪತ್ರಕ್ಕೆ ಇಂತಹ ಉತ್ತರವಿರುವುದಿಲ್ಲ.

ಆರ್ತನಾದವೋ, ರಾಜೀನಾಮೆಯೋ?

ಇದಕ್ಕೂ ಹೆಚ್ಚು ಬೋಧಪ್ರದವಾದ ಪ್ರಸಂಗವೊಂದು ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಗೆ ಸಂಬಂಧಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರಲ್ಲಿ ತೀರ್ಮಾನವಾಯಿತು. ಅಲ್ಲಿಯ ವಿಜ್ಞಾನಿಯೊಬ್ಬರು ತಮಗಾದ ಅನ್ಯಾಯವನ್ನು ಮತ್ತೆ ಮತ್ತೆ ನಿವೇದಿಸಿಕೊಂಡು ಬೇಸತ್ತು, ಕೊನೆಗೆ ಇಂತಹ ನಡವಳಿಕೆಯನ್ನು ಪ್ರತಿಭಟಿಸಿ ಬೋಧಕವರ್ಗದ ಸದಸ್ಯತ್ವಕ್ಕೆ ರಾಜೀನಾಮೆ ಕೊಡಬೇಕೆಂದು ತೀರ್ಮಾನಿಸಿದ್ದೇನೆ ಎಂಬರ್ಥದ ಪತ್ರವನ್ನು ಬರೆದರು. ಸಂಸ್ಥೆ ಅದನ್ನು ರಾಜೀನಾಮೆಯೆಂದೇ ಪರಿಗಣಿಸಿ ಅವರನ್ನು ಹೊರಗಿಟ್ಟಿತು. ನ್ಯಾಯಾಲಯವು ಪತ್ರವನ್ನು ಸಮಗ್ರವಾಗಿ ಓದಿ, ಇದು ನ್ಯಾಯಕ್ಕಾಗಿ ಮೊರೆಯಿಡುವವನ ಸಂಕಟದ ಮಾತು, ರಾಜೀನಾಮೆಯಲ್ಲ ಎಂದು ನಿರ್ಣಯಿಸಿತು.

ಈ ಪ್ರಕರಣದಲ್ಲಿ ಪತ್ರ ಬರೆದವರಿಗೆ ಅನುಕೂಲವೇ ಆಯಿತು, ನಿಜ. ಆದರೆ ಅಷ್ಟು ಹೊತ್ತಿಗೆ ವರ್ಷಗಳು ಕಳೆದಿದ್ದವು. ನಿಜವಾಗಿಯೂ ಕೆಲಸ ಬಿಡಬೇಕೆಂದಿರುವವನು ಇಂತಹುದೇ ಪತ್ರವನ್ನು ಬರೆದನೆಂದಿಟ್ಟುಕೊಳ್ಳಿ. “ಬಿಡಬೇಕೆಂದು ಯೋಚಿಸಿದ್ದೇನೆ”, “ಬಿಡಲು ಇಚ್ಛಿಸುತ್ತೇನೆ”, “ದಯವಿಟ್ಟು ನನ್ನನ್ನು ಬಿಡುಗಡೆ ಮಾಡುವುದನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ” ಎಂಬ ನಮ್ಮ ಪ್ರಿಯವಾದ ವಿನಯದ ಮಾತುಗಳೆಲ್ಲ ಇಚ್ಛೆಯನ್ನು ಸೂಚಿಸುತ್ತವೆಯೇ ಹೊರತು ಕಾರ್ಯವನ್ನು ನಡೆಸುವುದಿಲ್ಲ. ಮ್ಯಾನೇಜರು ಅದನ್ನು ಮೇಜಿನ ಮೇಲಿಟ್ಟುಕೊಂಡು, ಕೊಯ್ಲು ಮುಗಿಯಲಿ, ನೋಡೋಣ ಎಂದುಬಿಟ್ಟರೆ, ಗಡುವು ಆರಂಭವಾಗಿದೆಯೋ ಇಲ್ಲವೋ ಎಂಬುದೇ ಚರ್ಚೆಯ ವಿಷಯವಾಗುತ್ತದೆ. ಆದುದರಿಂದ “ಸಲ್ಲಿಸಿದ್ದೇನೆ” ಎಂಬ ನಿಶ್ಚಯದ ಕ್ರಿಯಾಪದವೇ ಪತ್ರದ ಪ್ರಾಣ. ವಿನಯವನ್ನು “ಮಾನ್ಯರೇ” ಎಂಬ ಸಂಬೋಧನೆಯಲ್ಲಿ ತೋರಿಸಿದರಾಯಿತು.

ಒಂದು ಪತ್ರ, ಒಂದು ಲೆಕ್ಕ

ಸುಂಟಿಕೊಪ್ಪದ ಕಡೆಯ ತೋಟವೊಂದರ ರೈಟರನನ್ನೇ ಕಲ್ಪಿಸಿಕೊಳ್ಳೋಣ. ಅವನು ಮೊದಲು ಮಾಡಬೇಕಾದುದು ಬರೆಯುವುದಲ್ಲ, ತನ್ನ ನೇಮಕಾತಿ ಆದೇಶವನ್ನು ತೆಗೆದು ಓದುವುದು. ನೌಕರನು ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕೆಂಬುದು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಪ್ರೊಬೇಷನ್ ಅವಧಿಯಲ್ಲಿದ್ದರೆ ಅದು ಇನ್ನೂ ಕಡಿಮೆಯಿರುವುದುಂಟು. ಪತ್ರವನ್ನು ಯಾರಿಗೆ ಬರೆಯಬೇಕೆಂಬುದೂ ಅಲ್ಲಿಂದಲೇ ತಿಳಿಯುತ್ತದೆ, ಏಕೆಂದರೆ ಆದೇಶಕ್ಕೆ ಸಹಿ ಹಾಕಿದವರು ಯಾರೋ ರಾಜೀನಾಮೆಯನ್ನು ಸ್ವೀಕರಿಸುವವರೂ ಅವರೇ. ಪ್ರತಿದಿನ ಕೆಲಸ ಹೇಳುವ ಮೇಸ್ತ್ರಿಗೋ, ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದುಹೋಗುವ ಮಾಲೀಕರ ಅಳಿಯನಿಗೋ ಪತ್ರ ಕೊಟ್ಟು ಸುಮ್ಮನಾದರೆ ಅದು ಕೊಟ್ಟ ಹಾಗಾಗುವುದಿಲ್ಲ.

ಇನ್ನು ಕೊನೆಯ ದಿನದ ಲೆಕ್ಕ. ಪತ್ರವನ್ನು 2026ರ ಫೆಬ್ರವರಿ 2ರಂದು ಕೊಟ್ಟರೆ, ಆ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುವುದು ರೂಢಿ. ಆದೇಶದಲ್ಲಿ “ಒಂದು ತಿಂಗಳು” ಎಂದಿದ್ದರೆ ಗಡುವು ಮಾರ್ಚ್ 2ಕ್ಕೆ ಮುಗಿಯುತ್ತದೆ. “30 ದಿನ” ಎಂದಿದ್ದರೆ ಫೆಬ್ರವರಿಗೆ 28 ದಿನಗಳಷ್ಟೇ ಇರುವುದರಿಂದ ಅದು ಮಾರ್ಚ್ 4ರವರೆಗೆ ಹೋಗುತ್ತದೆ. ಎರಡು ದಿನಗಳ ಅಂತರ ಕ್ಷುಲ್ಲಕವೆಂದು ಕಾಣಬಹುದು. ಮಾರ್ಚ್ 3ರಂದು ಬೆಂಗಳೂರಿನಲ್ಲಿ ಹಾಜರಾಗುತ್ತೇನೆಂದು ಒಪ್ಪಿಬಂದವನಿಗೆ ಅದು ಕ್ಷುಲ್ಲಕವಲ್ಲ. “ಇಂದಿನಿಂದ ಒಂದು ತಿಂಗಳೊಳಗೆ” ಎಂದು ಬರೆದು ಲೆಕ್ಕವನ್ನು ಮ್ಯಾನೇಜರಿಗೆ ಬಿಡುವ ಬದಲು ದಿನಾಂಕವನ್ನೇ ಬರೆಯಬೇಕೆನ್ನುವುದು ಇದಕ್ಕಾಗಿ. ಪತ್ರ ಹೀಗಿರಬಹುದು:

ಮಾನ್ಯ ಮ್ಯಾನೇಜರ್ ಅವರಿಗೆ,
ತೋಟದ ರೈಟರ್ ಹುದ್ದೆಗೆ ನಾನು ರಾಜೀನಾಮೆ ಸಲ್ಲಿಸಿದ್ದೇನೆ. 2026ರ ಮಾರ್ಚ್ 2 ನನ್ನ ಕೆಲಸದ ಕೊನೆಯ ದಿನ.
(ಸಹಿ, ಹೆಸರು) ದಿನಾಂಕ: 2-2-2026

ಇದಕ್ಕಿಂತ ಚಿಕ್ಕದಾಗಿ ಬರೆಯಲು ಹೊರಟರೆ ದಿನಾಂಕವೋ ಹುದ್ದೆಯೋ ಬಿಟ್ಟುಹೋಗುತ್ತದೆ. ಮೂರನೆಯ ವಾಕ್ಯವೊಂದನ್ನು ಸೇರಿಸಲೇಬೇಕೆಂದು ಮನಸ್ಸು ಹಟ ಹಿಡಿದರೆ “ಇಲ್ಲಿ ಕಲಿತುದಕ್ಕೆ ಕೃತಜ್ಞನಾಗಿದ್ದೇನೆ” ಎಂದು ಬರೆಯಲಿ; ಅದರಿಂದ ಹಾನಿಯಿಲ್ಲ, ಅದು ನಿಜವಾಗಿದ್ದರೆ.

ಕೊನೆಯ ದಿನವನ್ನು ಮುಂದಕ್ಕೆ ಹಾಕಿ ಬರೆಯುವುದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ 7ರಂದು, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಬರೆದು, ಜುಲೈ 15ರಂದು ಅದನ್ನು ಹಿಂತೆಗೆದುಕೊಂಡರು. ನಿಗದಿತ ದಿನ ಬರುವ ಮುನ್ನ ಹಿಂತೆಗೆಯುವ ಅಧಿಕಾರ ಅವರಿಗಿತ್ತೆಂದು ಸುಪ್ರೀಂ ಕೋರ್ಟು 1978ರಲ್ಲಿ ಹೇಳಿತು. ಖಾಸಗಿ ಕೆಲಸದಲ್ಲಿ ನೇಮಕಾತಿಯ ಷರತ್ತುಗಳೂ ಮಾಲೀಕರ ಅಂಗೀಕಾರವೂ ಈ ಮಾತನ್ನು ಬದಲಿಸಬಹುದಾದರೂ, “ತಕ್ಷಣದಿಂದ” ಎಂದು ಬರೆದವನಿಗೆ ಹಿಂದೆ ನೋಡಲು ಹಾದಿಯೇ ಉಳಿಯುವುದಿಲ್ಲ. ಜೊತೆಗೆ ಗಡುವಿನ ಸಂಬಳವನ್ನು ತಾನೇ ಕಟ್ಟಿಕೊಡಬೇಕಾದೀತು.

ಬಿಡಬೇಕಾದವು

ಹೊಸ ಕಂಪನಿಯ ಹೆಸರು, ಅಲ್ಲಿಯ ಸಂಬಳ, ಹಳೆಯ ಮೇಲಧಿಕಾರಿಯ ಗುಣವಿಮರ್ಶೆ ಇವು ಪತ್ರದಲ್ಲಿರಬಾರದೆಂಬುದನ್ನು ಯಾರಾದರೂ ಹೇಳಬಲ್ಲರು. ನಾನು ಒತ್ತಿ ಹೇಳಬೇಕಾದುದು ಬೇರೆ ಎರಡರ ಬಗ್ಗೆ.

ಮೊದಲನೆಯದು ಬೇಡಿಕೆಗಳು. “ನನ್ನ ಬಾಕಿ ಸಂಬಳವನ್ನೂ ಮೂಲ ಅಂಕಪಟ್ಟಿಯನ್ನೂ ಅನುಭವ ಪತ್ರವನ್ನೂ ಕೊಟ್ಟ ಮೇಲೆ ನನ್ನ ರಾಜೀನಾಮೆಯನ್ನು ಅಂಗೀಕರಿಸಬೇಕು” ಎಂದು ಬರೆಯುವವರಿದ್ದಾರೆ. ಆಗ ರಾಜೀನಾಮೆಗೆ ಒಂದು ಷರತ್ತು ಅಂಟಿಕೊಂಡಿತು. ಷರತ್ತು ಈಡೇರದಷ್ಟು ಕಾಲ ಎರಡೂ ತೂಗಾಡುತ್ತವೆ. ಬಾಕಿಯ ವಿಷಯಕ್ಕೆ ಬೇರೆ ಪತ್ರ ಬರೆಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ 17ನೆಯ ಕಲಮಿನ ಪ್ರಕಾರ, ರಾಜೀನಾಮೆ ಕೊಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದು. ಕಾನೂನು ಕೊಟ್ಟಿರುವುದನ್ನು ರಾಜೀನಾಮೆಯಲ್ಲಿ ಬೇಡಿಕೊಳ್ಳುವ ಅಗತ್ಯವಿಲ್ಲ.

ಎರಡನೆಯದು “ವೈಯಕ್ತಿಕ ಕಾರಣಗಳಿಂದ” ಎಂಬ ಪ್ರಸಿದ್ಧ ನುಡಿ. ನಿರಪಾಯಕಾರಿಯೆಂದು ಎಲ್ಲರೂ ಬಳಸುವ ಈ ಮಾತನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಸಂಶಯದಿಂದ ನೋಡುತ್ತೇನೆ. ಕೆಲಸ ಬಿಟ್ಟ ಕಾರಣ ನಿಜವಾಗಿ ವೈಯಕ್ತಿಕವಾಗಿದ್ದರೆ ಅದನ್ನು ಬರೆಯುವ ಅಗತ್ಯವಿಲ್ಲ. ಕಾರಣ ಬೇರೆಯಾಗಿದ್ದರೆ, ಅಂದರೆ ಸಂಬಳ ಕೊಡದೆ ಸತಾಯಿಸಿದ್ದೋ, ಬಲವಂತದಿಂದ ಬಿಡಿಸಿದ್ದೋ, ಹೆಣ್ಣುಮಗಳೊಬ್ಬಳಿಗೆ ಕಿರುಕುಳವಾದದ್ದೋ ಆಗಿದ್ದರೆ, ನಾಳೆ ದೂರು ಕೊಡಲು ಹೋದಾಗ ಬರೆದವರ ಸಹಿಯಿರುವ ಆ ಎರಡು ಪದಗಳೇ ಅವರ ಎದುರು ಸಾಕ್ಷಿಯಾಗಿ ನಿಲ್ಲುತ್ತವೆ. ಮೌನವನ್ನು ಯಾರೂ ಹಾಗೆ ಉಲ್ಲೇಖಿಸಲಾರರು. ನಾಲ್ಕು ಜನ ನೌಕರರೂ ಇಲ್ಲದ ಹೋಮ್‌ಸ್ಟೇಗಳು ನಮ್ಮ ಜಿಲ್ಲೆಯಲ್ಲಿ ತುಂಬ ಇರುವುದರಿಂದ ಇದನ್ನೂ ತಿಳಿದಿರುವುದು ಒಳ್ಳೆಯದು: ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ, 2013ರ ಕಾಯಿದೆಯಂತೆ, ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು, ಘಟನೆಯಿಂದ ಮೂರು ತಿಂಗಳೊಳಗೆ ಕೊಡುವುದು ನಿಯಮ, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕೆಲಸ ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.

ಕೈಗೆ ಕೊಟ್ಟ ಮೇಲೆ

ಪತ್ರವನ್ನು ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ “ಸ್ವೀಕರಿಸಿದೆ” ಎಂಬ ಬರಹ, ದಿನಾಂಕ, ಸಹಿ ಮತ್ತು ಸಾಧ್ಯವಾದರೆ ಆಫೀಸಿನ ಮೊಹರನ್ನು ಪಡೆಯಬೇಕು. “ಏನಪ್ಪಾ, ನಮ್ಮ ಮೇಲೆ ನಂಬಿಕೆ ಇಲ್ಲವೇ?” ಎಂಬ ಮಾತು ಬರುವುದು ಈ ಘಟ್ಟದಲ್ಲೇ. “ನಂಬಿಕೆಯ ಮಾತಲ್ಲ ಸಾರ್, ಪಿ.ಎಫ್. ಕೆಲಸಕ್ಕೆ ಬೇಕಾಗುತ್ತದೆ” ಎಂದರೆ ಸಾಮಾನ್ಯವಾಗಿ ಮುಗಿಯುತ್ತದೆ, ಮತ್ತು ಅದು ಸುಳ್ಳೂ ಅಲ್ಲ. ಸಹಿ ಹಾಕಲು ನಿರಾಕರಿಸಿದರೆ ಅದೇ ದಿನ ಅಂಚೆಕಚೇರಿಗೆ ಹೋಗಿ, ತಲುಪಿದ ಪುರಾವೆಯೊಡನೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನಿಟ್ಟುಕೊಳ್ಳಬೇಕು. ಆಫೀಸಿನ ಇ-ಮೇಲಿಗೂ ಅದೇ ಎರಡು ವಾಕ್ಯಗಳನ್ನು ಕಳುಹಿಸಿ, ತನ್ನ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಹೋಗುವಂತೆ ನೋಡಿಕೊಳ್ಳಬೇಕು. ಆಫೀಸಿನ ಇ-ಮೇಲ್ ಕೊನೆಯ ದಿನ ಮುಚ್ಚಿಹೋಗುತ್ತದೆಂಬುದು ಮೊದಲ ಕೆಲಸದವರಿಗೆ ಹೊಳೆಯುವುದೇ ಇಲ್ಲ.

ಪತ್ರದಲ್ಲಿ ಬರೆಯದೆ ಬಿಟ್ಟ ಕಾರಣವನ್ನು ಬಾಯಲ್ಲಿ ಹೇಳಬಾರದೆಂದೇನೂ ಇಲ್ಲ. ಕೊಡಗಿನಂತಹ ಊರಿನಲ್ಲಿ ಪತ್ರಕ್ಕೆ ಮುಂಚೆ ಮ್ಯಾನೇಜರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ವಿಷಯವನ್ನು ತಿಳಿಸುವುದೇ ಸಭ್ಯತೆ. ಪತ್ರವನ್ನು ಓದಿ ಅವರಿಗೆ ಆಶ್ಚರ್ಯವಾಗಬಾರದು. ಉಳಿದ ದಿನಗಳಲ್ಲಿ ಚೆಕ್ ರೋಲನ್ನೂ ದಾಸ್ತಾನು ಪುಸ್ತಕವನ್ನೂ ಗೊಬ್ಬರದ ಗೋದಾಮಿನ ಬೀಗದ ಕೈಯನ್ನೂ ತಾನು ಪಡೆದ ಮುಂಗಡದ ಲೆಕ್ಕವನ್ನೂ ಒಪ್ಪಿಸಿ, ಒಪ್ಪಿಸಿದ ಪಟ್ಟಿಗೂ ಒಂದು ಸಹಿ ಪಡೆದರೆ, ಮುಂದೆ ಗೊಬ್ಬರದ ಮೂಟೆ ಕಡಿಮೆ ಬಿತ್ತೆಂಬ ಆರೋಪಕ್ಕೆ ಉತ್ತರವಿರುತ್ತದೆ.

ಕಡೆಯದಾಗಿ ಪಿ.ಎಫ್. ತೋಟದ ಆಫೀಸು ಆ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ದಾಖಲಿಸಬೇಕು; ದಾಖಲಿಸದಿದ್ದರೆ ಹೊಸ ಕಂಪನಿಯ ಖಾತೆಗೆ ಹಣವನ್ನು ವರ್ಗಾಯಿಸುವಾಗ ತೊಡಕಾಗುತ್ತದೆ. ತಪ್ಪು ದಿನ ದಾಖಲಾಗಿ, ಹೊಸ ಕೆಲಸಕ್ಕೆ ಸೇರಿದ ದಿನಕ್ಕಿಂತ ಅದು ಮುಂದಕ್ಕೆ ಬಿದ್ದರೆ, ಒಬ್ಬನೇ ಮನುಷ್ಯ ಏಕಕಾಲದಲ್ಲಿ ಎರಡು ಕಡೆ ದುಡಿದಂತೆ ಕಾಣುತ್ತದೆ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೂ ಆಫೀಸಿನವರು ದಿನವನ್ನು ತುಂಬದಿದ್ದರೆ, ನೌಕರನೇ ಭವಿಷ್ಯನಿಧಿಯ ಸದಸ್ಯ ತಾಣದಲ್ಲಿ ಅದನ್ನು ತುಂಬಬಹುದು. ಆಗ ಅವನು ಬರೆಯಬೇಕಾದ ದಿನ ಪತ್ರದ ಎರಡನೆಯ ವಾಕ್ಯದಲ್ಲಿರುವುದೇ: ಮಾರ್ಚ್ 2.